ಅಪ್‌ಡೇಟ್: ಕೆರೆಯ ನೀರಿಗೂ ಬಿರುಸಿನ ಬಣ್ಣ ಬಂತು

ನನ್ನ ಪ್ರಶ್ನೆ: “ಚಿಕ್ಕಮಗಳೂರಿನ ಬಸವನಹಳ್ಳಿ ಕೆರೆಯ ರಾತ್ರಿಚಿತ್ರಕ್ಕೆ ಬಾಣಬಿರುಸು ಸೇರಿಸಿದೆ. ಸುತ್ತ ಬೂದು ಚೌಕ ಕಾಣುತ್ತಿದೆ, ನೀರಿನಲ್ಲಿ ಹೊಳಪಿಲ್ಲ. ಏನು ಮಾಡಲಿ?”

ಎರಡೂ ಸರಿಹೋದವು! ಬಿರುಸಿನ ಚಿತ್ರವನ್ನು ಕೆರೆಯ ಚಿತ್ರದ ಮೇಲೆ ಪದರವಾಗಿಟ್ಟು, ಎರಡನ್ನೂ ಬೆರೆಸಲು Screen ವಿಧಾನ ಬಳಸಿದ್ದೆ. ಅದರಲ್ಲಿ ಅಪ್ಪಟ ಕಪ್ಪು ಮಾತ್ರ ಪೂರ್ತಿ ಮಾಯವಾಗುತ್ತದೆ. ನನ್ನ ಬಿರುಸಿನ ಚಿತ್ರದಲ್ಲಿ ಹೊಗೆಯ ಬೂದು ಉಳಿದಿತ್ತು. ಆ ಪದರಕ್ಕೆ Levels ತೆರೆದು ಎಡತುದಿಯ ಕಪ್ಪು ಗುರುತನ್ನು 28ಕ್ಕೆ ಸರಿಸಿದಾಗ ಚೌಕ ಅಳಿಯಿತು. ಇನ್ನೂ ಎಳೆದರೆ ಕಿಡಿಗಳ ಸಪೂರ ಬಾಲಗಳು ತುಂಡಾಗುತ್ತವೆ.

ನೀರು ಹೆಚ್ಚು ಕಾಡಿತು. ಪದರದ ಪ್ರತಿಯನ್ನು ತಲೆಕೆಳಗು ಮಾಡಿ, ಎದುರು ದಡದ ಗೆರೆಯಿಂದ ಬಿರುಸು ಎಷ್ಟು ಮೇಲಿದೆಯೋ ಅಷ್ಟೇ ಕೆಳಗಿಟ್ಟೆ. Motion Blur ಕೋನವನ್ನು 90 ಡಿಗ್ರಿಗೆ ಇಟ್ಟು, ನೀರಿನಲ್ಲಿ ಮೊದಲೇ ಇದ್ದ ಬೀದಿದೀಪದ ಗೆರೆಗಳಷ್ಟು ಉದ್ದಕ್ಕೆ ಹೊಳಪನ್ನು ಚಾಚಿಸಿದೆ. ಆ ಗೆರೆಗಳೇ ನಿಜವಾದ ಅಳತೆಗೋಲು. ಕೊನೆಗೆ ಆ ಪ್ರತಿಯ Opacity ಶೇ. 45ಕ್ಕೆ ಇಳಿಸಿದೆ.