ಅಪ್‌ಡೇಟ್: ಗಾಸ್-ಸೈಡೆಲ್ ಲೆಕ್ಕ ಓಡಿಹೋಗ್ತಿತ್ತಲ್ರಿ, ಈಗ ಬಗೆಹರೀತು

ಮೊದ್ಲು ಕೇಳಿದ್ದು: "`x + 3y = 7`, `4x + y = 6`ಗೆ ಗಾಸ್-ಸೈಡೆಲ್ ಹಚ್ಚೀನಿ, ಉತ್ತರ 1, 2 ಬರಬೇಕು, ಆದ್ರ ಸಂಖ್ಯೆ ದೊಡ್ಡದಾಗ್ತಾನ ಹೊಂಟಾವು, ಎಲ್ಲಿ ತಪ್ಪೇನಿ?"

ತಪ್ಪು ಗುಣಾಕಾರದಾಗ ಇರ್ಲಿಲ್ರಿ, ಸಮೀಕರಣ ಬರ್ದ ಸಾಲಿನಾಗ ಇತ್ತು. ಮೊದಲ್ನೇದ್ರಿಂದ `x`, ಎರಡ್ನೇದ್ರಿಂದ `y` ತಗೀತಿದ್ದೆ, 0 ಇಂದ ಶುರು ಮಾಡಿದ್ರ `y` -22, ಆಮ್ಯಾಲೆ -286. ನಿನ್ನೆ ಧಾರವಾಡದಿಂದ ಹುಬ್ಬಳ್ಳಿಗೆ ಬರೂ ಬಸ್ಸಿನಾಗ ಕುಂತು ಟಿಕೆಟ್ ಹಿಂದ ಬರೇ ತಪ್ಪಿನ ಲೆಕ್ಕ ಬರದೆ: 2 ಇಂದ ಎಷ್ಟು ದೂರ ಐತಿ ಅಂತ. 2, 24, 288. ಪ್ರತಿ ಸುತ್ತಿಗೆ ಕರೆಕ್ಟ್ 12 ಪಟ್ಟು!

ಈಗ ಎರಡೂ ಸಾಲು ಅದಲು-ಬದಲು ಮಾಡೀನಿ:

```
x = (6 - y)/4
y = (7 - x)/3
```

`x` 1.5 ಬಂತು, ಆ ಹೊಸ `x` ಅನ್ನ ಕೂಡ್ಲೇ ಹಾಕಿದ್ರ `y` 1.8333, ಮುಂದಿನ ಸುತ್ತಿಗೆ 1.0417, 1.9861, ಅಂದ್ರ ತಪ್ಪು ಈಗ ಸುತ್ತಿಗೆ 12ನೇ ಒಂದು ಪಾಲು ಆಗ್ತೈತಿ. ಎರಡು ಸಮೀಕರಣ ಇದ್ದಾಗ ಈ ಪಟ್ಟು ಅಂದ್ರ ಕರ್ಣದ ಹೊರಗಿನ ಎರಡರ ಗುಣಲಬ್ಧನ ಕರ್ಣದ ಎರಡರ ಗುಣಲಬ್ಧದಿಂದ ಭಾಗಿಸಿದ್ದು, ಚಿಹ್ನೆ ಬಿಟ್ಟು 1ಕ್ಕಿಂತ ಕಡಿಮಿ ಇದ್ರಷ್ಟ ಯಾವ ಶುರುವಿಂದಾದ್ರೂ ಉತ್ತರಕ್ಕ ಬರ್ತೈತಿ. ದೊಡ್ಡ ಸಿಸ್ಟಮ್‌ನಾಗ ಇದ್ರ ಜಾಗಾದಾಗ ಇಟರೇಶನ್ ಮ್ಯಾಟ್ರಿಕ್ಸಿನ ಸ್ಪೆಕ್ಟ್ರಲ್ ರೇಡಿಯಸ್ ನೋಡ್ತಾರ.

"ಪ್ರತಿ ಸಾಲಿನಾಗ ಕರ್ಣದ ಸಂಖ್ಯೆನ ದೊಡ್ಡದಿರಬೇಕು" ಅಂತ ಹೇಳಿದ್ರಲ್ರಿ, ಎರಡು ಸಮೀಕರಣ ಇದ್ದಾಗ ಚಿಹ್ನೆ ಬಿಟ್ಟು ಅದಿದ್ರ ಸಾಕು ಖರೆ, ಆದ್ರ ಇರಲೇಬೇಕಂತಿಲ್ಲ. `2x + 3y = 8`, `3x + 5y = 13` ತಗೊಂಡ್ರ ಮೊದಲ ಸಾಲಿನಾಗ 2ಕ್ಕಿಂತ 3 ದೊಡ್ಡದು, ಆದ್ರೂ ಪಟ್ಟು 9/10, ಬರ್ತೈತಿ, ಎತ್ತಿನ ಗಾಡಿ ಬಂದಂಗ. 20 ಸುತ್ತಾದ್ರೂ ತಪ್ಪು ಎಂಟ್ನೇ ಒಂದು ಪಾಲು ಉಳದಿತ್ರಿ.