ಸಹಾಯ ಬೇಕು: ಗಾರ್ಡನ್ ಲೀವ್‌ನಲ್ಲಿ ಕೂರಿಸಿದ್ದಾರೆ, ಬೈಔಟ್‌ಗೂ ಒಪ್ಪುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ರಾಜೀನಾಮೆ ಕೊಟ್ಟು 30 ದಿನ ಆಯ್ತು. ನೋಟಿಸ್ ಒಟ್ಟು 90 ದಿನ. ಹೋಗುತ್ತಿರುವುದು ಪ್ರತಿಸ್ಪರ್ಧಿ ಕಂಪನಿಗೆ ಅಂತ ಗೊತ್ತಾದ ದಿನವೇ ಲ್ಯಾಪ್‌ಟಾಪ್ ವಾಪಸ್ ತಗೊಂಡು, ಮೇಲ್ ಬಂದ್ ಮಾಡಿ, ಗಾರ್ಡನ್ ಲೀವ್ ಅಂದರು. ಸಂಬಳ ಬರುತ್ತಿದೆ, ಕೆಲಸ ಇಲ್ಲ. ಸುಮ್ನೆ ಮನೆಯಲ್ಲಿ ಕೂತಿದ್ದೇನೆ.

ಸಂಬಳ ಕೊಡುವವರೆಗೆ ನಾನು ಅವರ ನೌಕರನೇ, ಬೇರೆ ಕಡೆ ಸೇರುವಂತಿಲ್ಲ, ಅದು ಗೊತ್ತು. ಸೇರಿದರೆ ಎರಡೂ ಕಡೆಯ ಪಿಎಫ್ ಒಂದೇ ಯುಎಎನ್‌ನಲ್ಲಿ ಕಾಣುತ್ತದೆ, ಸಿಕ್ಕಿಬೀಳುತ್ತೇನೆ. ಅದಕ್ಕೇ ಉಳಿದ 60 ದಿನಕ್ಕೆ ಹಣ ಕಟ್ಟಿ ಹೊರಡುತ್ತೇನೆ ಅಂದೆ. ಹೊಸ ಕಂಪನಿ ಕಾಯೋದು ಇನ್ನು 15 ದಿನ ಮಾತ್ರ.

ನನ್ನ ನೇಮಕಾತಿ ಪತ್ರದಲ್ಲಿರುವ ಸಾಲು ಹೀಗಿದೆ: 'ಯಾವುದೇ ಪಕ್ಷ 90 ದಿನದ ನೋಟಿಸ್ ಅಥವಾ ಅದರ ಬದಲು ಬೇಸಿಕ್ ಸಂಬಳ ಕೊಟ್ಟು ಒಪ್ಪಂದ ಮುಗಿಸಬಹುದು.' ತಿಂಗಳಿಗೆ ಬೇಸಿಕ್ 48,000, ಅಂದರೆ 60 ದಿನಕ್ಕೆ 96,000 ಆಗಬೇಕು. ಎಚ್‌ಆರ್ ಮೊದಲು ಒಟ್ಟು ಸಂಬಳ 1,20,000ದ ಲೆಕ್ಕದಲ್ಲಿ 2,40,000, ಮೇಲೆ 18% ಜಿಎಸ್‌ಟಿ ಅಂದರು. ನೋಟಿಸ್ ಹಣಕ್ಕೆ ಜಿಎಸ್‌ಟಿ ಇಲ್ಲ ಅಂತ 2022ರ ಆಗಸ್ಟ್‌ನ ಸುತ್ತೋಲೆ ತೋರಿಸಿದ ಮೇಲೆ ವರಸೆ ಬದಲಾಯಿತು. ಈಗ 'ಬೈಔಟ್ ನಮ್ಮ ಇಷ್ಟ' ಅಂತಾರೆ. ಕೆಲಸವನ್ನೇ ಕೊಡದವರು ಹೀಗನ್ನೋದು ತಮಾಷೆ ಅಲ್ವಾ?

'ಯಾವುದೇ ಪಕ್ಷ' ಅಂತ ಬರೆದಿರುವಾಗ ಅವರ ಒಪ್ಪಿಗೆ ಬೇಕೇ ಬೇಕಾ? ನಾನೇ 96,000 ಬ್ಯಾಂಕಿಗೆ ಹಾಕಿ ಮೇಲ್ ಕಳಿಸಿದರೆ ರಿಲೀವಿಂಗ್ ಲೆಟರ್ ತಡೆಹಿಡಿಯಬಹುದಾ? ಹೊಸ ಕಂಪನಿಯ ಸಂಬಳವಿಲ್ಲದ ಆನ್‌ಲೈನ್ ತರಬೇತಿಗೆ ಈಗಲೇ ಕೂರಬಹುದಾ? ಇಂಥದ್ದನ್ನು ಎದುರಿಸಿದವರು, ಕಾರ್ಮಿಕ ಕಾನೂನು ಬಲ್ಲ ವಕೀಲರು ದಯವಿಟ್ಟು ತಿಳಿಸಿ.