ಪದಚರ್ಚೆ: ಕಿರುಸುದ್ದಿಯಲ್ಲಿ ‘ಎಂದು ಪ್ರಕಟಣೆ ತಿಳಿಸಿದೆ’ ಇರಬೇಕೇ?

ಪ್ರಶ್ನೆ: ಪತ್ರಿಕೆಯೊಂದರ ಉಪಸಂಪಾದಕಿ

ಎಲ್ಲರಿಗೂ ನಮಸ್ಕಾರ. ಸಂಘ ಸಂಸ್ಥೆಗಳು ಕಳುಹಿಸುವ ಪತ್ರಿಕಾ ಪ್ರಕಟಣೆಗಳನ್ನು ಒಂದು ಕಾಲಮ್ಮಿನ ಕಿರುಸುದ್ದಿಯಾಗಿ ಇಳಿಸುವುದು ನನ್ನ ಕೆಲಸ. ನಮ್ಮ ಕಾಲಮ್ಮಿನ ಒಂದು ಸಾಲಿನಲ್ಲಿ ಮೂರು ಪದಗಳು ಹಿಡಿಯುತ್ತವೆ, ಒಂದು ಸುದ್ದಿಗೆ ಸಿಗುವುದು ಹತ್ತೋ ಹನ್ನೆರಡೋ ಸಾಲು. ಜಾಗ ಸಾಲದಾಗ ಮೊದಲು ಕೈಬಿಡುವುದು ಕೊನೆಯ ‘ಎಂದು ಪ್ರಕಟಣೆ ತಿಳಿಸಿದೆ’ ಎಂಬ ಮಾತನ್ನು. ಅದರಲ್ಲಿ ಸುದ್ದಿಯೇನೂ ಇಲ್ಲ ಎಂಬುದು ನಮ್ಮ ಡೆಸ್ಕಿನ ಅಭಿಪ್ರಾಯ. ಆದರೆ ಆ ಮಾತು ಹೋದ ಮೇಲೆ ಉಳಿದ ವಾಕ್ಯದ ಅರ್ಥವೇ ಬೇರೆಯಾಗುತ್ತದೆ ಎಂಬ ಅನುಮಾನ ನನ್ನನ್ನು ಕಾಡುತ್ತಿದೆ. ಚರ್ಚೆಗೆ ಅನುಕೂಲವಾಗಲೆಂದು ನಾನೇ ರಚಿಸಿದ ಮಾದರಿಯೊಂದನ್ನು ಕೊಡುತ್ತಿದ್ದೇನೆ.

“ಜನರ ಆರೋಗ್ಯದ ಬಗ್ಗೆ ಸದಾ ಕಾಳಜಿ ಹೊಂದಿರುವ ನಮ್ಮ ಸಂಘವು ತನ್ನ ವಾರ್ಷಿಕೋತ್ಸವದ ಅಂಗವಾಗಿ ಇದೇ 14ರ ಭಾನುವಾರ ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ಸಂಘದ ಸಭಾಂಗಣದಲ್ಲಿ ಉಚಿತ ಕಣ್ಣಿನ ತಪಾಸಣೆ ಶಿಬಿರವನ್ನು ಹಮ್ಮಿಕೊಂಡಿದ್ದು, ಪೊರೆ ಇರುವುದು ಕಂಡುಬಂದವರಿಗೆ ರಿಯಾಯಿತಿ ದರದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಲು ಪ್ರಯತ್ನಿಸಲಿದೆ. ಹೆಸರು ನೋಂದಾಯಿಸಿದ ಮೊದಲ 100 ಮಂದಿಗೆ ಮಾತ್ರ ಅವಕಾಶವಿದ್ದು, ಸಾರ್ವಜನಿಕರು ಇದರ ಸದುಪಯೋಗ ಪಡೆದುಕೊಳ್ಳಬೇಕೆಂದು ಸಂಘದ ಕಾರ್ಯದರ್ಶಿ ಪ್ರಕಟಣೆಯಲ್ಲಿ ಕೋರಿದ್ದಾರೆ.”

ಅವಸರದಲ್ಲಿ ಇದು ಹೀಗೆ ಇಳಿಯುತ್ತದೆ:

“ಸಂಘದ ವತಿಯಿಂದ ಇದೇ 14ರಂದು ಬೆಳಿಗ್ಗೆ 9ಕ್ಕೆ ಉಚಿತ ಕಣ್ಣಿನ ತಪಾಸಣೆ ಮತ್ತು ಶಸ್ತ್ರಚಿಕಿತ್ಸೆ ಶಿಬಿರ ನಡೆಯಲಿದೆ. ಸಾರ್ವಜನಿಕರು ಸದುಪಯೋಗ ಪಡೆದುಕೊಳ್ಳಬೇಕು.”

ಇದರಲ್ಲಿ ಭಾಷೆಯ ದೃಷ್ಟಿಯಿಂದ ಎಲ್ಲೆಲ್ಲಿ ದೋಷವಿದೆ ಎಂಬುದನ್ನು ತಿಳಿದವರು ತಿಳಿಸಬೇಕಾಗಿ ವಿನಂತಿ.

ಉತ್ತರ: ನಿವೃತ್ತ ಕನ್ನಡ ಅಧ್ಯಾಪಕರು

‘ಪ್ರಕಟಣೆ ತಿಳಿಸಿದೆ’ ಎಂಬ ಪ್ರಯೋಗವೇ ತಪ್ಪಾದ್ದರಿಂದ ಅದನ್ನು ಕೈಬಿಡುವುದರಲ್ಲಿ ಅಡ್ಡಿಯೇನೂ ಇಲ್ಲ. ಪ್ರಕಟಣೆ ಅಚೇತನ ವಸ್ತು, ತಿಳಿಸುವವರು ಮನುಷ್ಯರು. ಹಾಕಲೇಬೇಕೆಂದಿದ್ದರೆ ‘ಪ್ರಕಟಣೆಯಲ್ಲಿ ತಿಳಿಸಲಾಗಿದೆ’ ಎಂದು ಬರೆಯಬೇಕು. ನಿಜವಾದ ದೋಷವಿರುವುದು ‘ಉಚಿತ’ದಲ್ಲಿ. ವಿಶೇಷಣವು ತಾನು ವಿಶೇಷಿಸುವ ಪದಕ್ಕೆ ಅಂಟಿಕೊಂಡಿರಬೇಕು. ‘ಉಚಿತ ಕಣ್ಣಿನ ತಪಾಸಣೆ’ ಎಂದರೆ ಉಚಿತವಾದದ್ದು ಕಣ್ಣೇ ಎಂಬಂತಾಗುತ್ತದೆ. ‘ಕಣ್ಣಿನ ಉಚಿತ ತಪಾಸಣೆ’ ಎಂಬುದೇ ಸರಿ.

ಉತ್ತರ: ಸುದ್ದಿಮನೆಯಲ್ಲಿ ಬಹುಕಾಲ ಕೆಲಸ ಮಾಡಿದ ಹಿರಿಯರು

ಮೇಷ್ಟ್ರು ‘ಉಚಿತ’ದ ಬಗ್ಗೆ ಹೇಳಿದ್ದನ್ನು ನಾನು ಒಪ್ಪುತ್ತೇನೆ, ಆದರೆ ಕಾರಣ ಅಷ್ಟೇ ಅಲ್ಲ. ‘ಉಚಿತ ಕಣ್ಣಿನ ತಪಾಸಣೆ’ ಎಂದಷ್ಟೇ ಇದ್ದಾಗ ಯಾವ ಓದುಗನೂ ತಪ್ಪು ತಿಳಿಯುವುದಿಲ್ಲ. ‘ಮತ್ತು ಶಸ್ತ್ರಚಿಕಿತ್ಸೆ’ ಎಂದು ಸೇರಿಸಿದ ಕೂಡಲೇ ಮುಂದೆ ನಿಂತ ಆ ‘ಉಚಿತ’ ಎರಡನ್ನೂ ಆಳತೊಡಗುತ್ತದೆ. ಮೂಲದಲ್ಲಿರುವುದು ರಿಯಾಯಿತಿ ದರ, ಅದೂ ‘ಪ್ರಯತ್ನಿಸಲಿದೆ’ ಎಂಬಷ್ಟು ಮಾತ್ರ. ಎರಡು ವಾಕ್ಯಾಂಶಗಳನ್ನು ಒಂದು ‘ಮತ್ತು’ವಿನಿಂದ ಹೊಲಿದಾಗ ಷರತ್ತುಗಳೆರಡೂ ಬಿದ್ದುಹೋಗಿ, ಸಂಘ ಕೊಡದ ಭರವಸೆಯನ್ನು ಪತ್ರಿಕೆ ಕೊಟ್ಟಂತಾಯಿತು. ಆ ಸುದ್ದಿಯನ್ನು ನಂಬಿ ಬಂದ ರೋಗಿಗೆ ಸಭಾಂಗಣದ ಬಾಗಿಲಲ್ಲಿ ಯಾರು ಉತ್ತರ ಹೇಳಬೇಕು?

ಇನ್ನು ‘ತಿಳಿಸಿದೆ’ಯ ವಿಷಯ. ವರದಿ ಹೇಳುತ್ತದೆ, ಶಾಸನ ತಿಳಿಸುತ್ತದೆ ಎಂದು ಬರೆಯುವ ನಾವು ಪ್ರಕಟಣೆಗೆ ಮಾತ್ರ ಬಾಯಿ ಕಟ್ಟುವುದು ಸರಿಯಲ್ಲ. ‘ತಿಳಿಸಲಾಗಿದೆ’ ಎಂದರೆ ತಿಳಿಸಿದವರೇ ಮಾಯವಾಗುತ್ತಾರೆ. ಹೇಳಿದವರು ಯಾರೆಂದು ತೋರಿಸುವುದಕ್ಕಾಗಿಯೇ ಇರುವ ಮಾತಿಗೆ ಅದು ಹೊಂದುವುದಿಲ್ಲ.

ಉಪಸಂಪಾದಕಿಯವರ ಮೂಲ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ‘ಎಂದು’ ಮತ್ತು ‘ತಿಳಿಸಿದ್ದಾರೆ’ ಅದಕ್ಕೂ ಆಚೆ ಬರುತ್ತವೆ. ಹೀಗಾಗಿ ಮುಖ್ಯವಾದುದನ್ನು ಮೇಲಿಟ್ಟು ಕೆಳಗಿನಿಂದ ಸಾಲು ಕತ್ತರಿಸುವ ಡೆಸ್ಕಿನ ಪದ್ಧತಿ ಪ್ಯಾರಾಗಳಿಗೆ ಸರಿಹೋದರೂ ವಾಕ್ಯದೊಳಗೆ ಕೆಲಸ ಮಾಡುವುದಿಲ್ಲ. ಕತ್ತರಿ ಮೊದಲು ತಾಗುವುದು ಹೇಳಿದವರು ಯಾರೆಂಬ ಗುರುತಿಗೇ. ನಿಮ್ಮ ಮಾದರಿಯ ಕೊನೆಯ ವಾಕ್ಯವನ್ನೇ ನೋಡಿ. ಮೂಲದಲ್ಲಿ ‘ಪಡೆದುಕೊಳ್ಳಬೇಕೆಂದು ಕೋರಿದ್ದಾರೆ’ ಎಂದಿದ್ದದ್ದು ಸಂಘದ ಕೋರಿಕೆ. ‘ಪಡೆದುಕೊಳ್ಳಬೇಕು’ ಎಂದು ನಿಂತಾಗ ಅದು ಪತ್ರಿಕೆಯ ಅಪ್ಪಣೆ. ಆ ವಾಕ್ಯ ಇಡಿಯಾಗಿ ಹೋಗಲಿ. ಅದರಲ್ಲಿ ಓದುಗನಿಗೆ ಬೇಕಾದದ್ದು ಏನೂ ಇಲ್ಲ.

ಹಾಗೆಂದು ಪ್ರತಿ ವಾಕ್ಯಕ್ಕೂ ‘ತಿಳಿಸಿದೆ’ ಬೇಕಾಗಿಲ್ಲ. ದಿನ, ಸ್ಥಳ, ವೇಳೆಗಳನ್ನು ಪತ್ರಿಕೆಯೇ ನೇರವಾಗಿ ಹೇಳಬಹುದು. ಹೊಗಳಿಕೆ, ಭರವಸೆ, ಆರೋಪ ಇವು ಮೂರು ಬಂದಲ್ಲಿ ಹೇಳಿದವರು ಕಾಣಲೇಬೇಕು. ಹೊಗಳಿಕೆಯನ್ನು ಹೇಗೂ ಕಿತ್ತುಹಾಕುತ್ತೇವೆ, ಇಲ್ಲಿ ಆರೋಪವಿಲ್ಲ, ಉಳಿದದ್ದು ಭರವಸೆಯೊಂದೇ. ಜಾಗ ಉಳಿಸಬೇಕಾದಲ್ಲಿ ‘ಎಂದು’ವಿನ ಬದಲು ‘ಉದಾಗಿ’ ರೂಪವನ್ನು ಬಳಸಬಹುದು. ನಾನಾದರೆ ಹೀಗೆ ಇಳಿಸುತ್ತೇನೆ:

“ಸಂಘದ ಸಭಾಂಗಣದಲ್ಲಿ ಇದೇ 14ರ ಭಾನುವಾರ ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ಕಣ್ಣಿನ ಉಚಿತ ತಪಾಸಣೆ ಶಿಬಿರ ನಡೆಯಲಿದೆ. ಹೆಸರು ನೋಂದಾಯಿಸಿದ ಮೊದಲ 100 ಮಂದಿಗೆ ಮಾತ್ರ ಅವಕಾಶ. ಪೊರೆ ಇರುವವರಿಗೆ ರಿಯಾಯಿತಿ ದರದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಲು ಪ್ರಯತ್ನಿಸುವುದಾಗಿ ಸಂಘ ತಿಳಿಸಿದೆ.”

ಮೂವತ್ತು ಪದಗಳು, ನಿಮ್ಮ ಲೆಕ್ಕದಲ್ಲಿ ಹತ್ತು ಸಾಲು. ‘ನಮ್ಮ ಸಂಘ’ದ ‘ನಮ್ಮ’ ಹೋಗಿ ಆ ಜಾಗಕ್ಕೆ ಸಂಘದ ಹೆಸರು ಬರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಉತ್ತರ: ಸಂಘವೊಂದರ ಕಾರ್ಯದರ್ಶಿ

ನಾನು ಪ್ರಕಟಣೆಗಳನ್ನು ಕಳುಹಿಸುವ ಕಡೆಯವನು. ಕಾರ್ಯಕ್ರಮವನ್ನು ಉದ್ಘಾಟಿಸುವವರು, ಅಧ್ಯಕ್ಷತೆ ವಹಿಸುವವರು, ಮುಖ್ಯ ಅತಿಥಿಗಳು ಎಂದು ಏಳೆಂಟು ಹೆಸರುಗಳನ್ನು ನಾವು ಎಚ್ಚರದಿಂದ ಬರೆದು ಕಳುಹಿಸಿದರೆ, ಅಚ್ಚಾಗುವುದು ‘ಮತ್ತಿತರರು’. ಆ ‘ಮತ್ತಿತರರು’ ಎಂಬ ಪದಕ್ಕೆ ಸೇರಿಹೋದವರಿಗೆ ನಾವು ಸಮಾಧಾನ ಹೇಳಬೇಕಾಗುತ್ತದೆ. ಈ ಪದ ವ್ಯಾಕರಣದ ಪ್ರಕಾರ ಸರಿಯೇ ಎಂದು ತಿಳಿಸಿ.

ಉತ್ತರ: ಉಪಸಂಪಾದಕಿ

ಹಿರಿಯರಿಗೆ ಕೃತಜ್ಞತೆಗಳು. ಭರವಸೆಯ ವಾಕ್ಯಕ್ಕೆ ಮಾತ್ರ ‘ತಿಳಿಸಿದೆ’ ಎಂಬುದು ನಮ್ಮ ಡೆಸ್ಕಿನಲ್ಲಿ ಹೇಳಿ ಒಪ್ಪಿಸಬಹುದಾದ ಮಾತು. ಕಾರ್ಯದರ್ಶಿಯವರೇ, ‘ಮತ್ತಿತರರು’ ಪದದಲ್ಲಿ ದೋಷವಿಲ್ಲ, ಆದರೆ ಅದು ಸಲ್ಲುವುದು ಮುಗಿದ ಕಾರ್ಯಕ್ರಮದ ವರದಿಗೆ. ನಡೆಯಬೇಕಾದ ಕಾರ್ಯಕ್ರಮದ ಕಿರುಸುದ್ದಿಯಲ್ಲಿ ‘ಮತ್ತಿತರರು ಭಾಗವಹಿಸಲಿದ್ದಾರೆ’ ಎಂಬುದು ಓದುಗನಿಗೆ ಏನನ್ನೂ ತಿಳಿಸುವುದಿಲ್ಲವಾದ್ದರಿಂದ ನಾನು ಆ ಪದವನ್ನೂ ಹಾಕುವುದಿಲ್ಲ.

ಹಿರಿಯರಲ್ಲಿ ಇನ್ನೊಂದು ಸಂದೇಹ. ತಿಂಗಳ ಕೊನೆಯಲ್ಲಿ ಬಂದ ಪ್ರಕಟಣೆಯಲ್ಲಿ ‘ಬರುವ 4ರಂದು’ ಎಂದಿದ್ದು, ಸುದ್ದಿ ಒಂದನೇ ತಾರೀಖಿನಂದು ಅಚ್ಚಾದರೆ, ‘ಬರುವ’ ಎಂಬುದನ್ನು ‘ಇದೇ’ ಎಂದು ತಿದ್ದಬೇಕಲ್ಲವೇ?

ಉತ್ತರ: ಸುದ್ದಿಮನೆಯ ಹಿರಿಯರು

ತಿದ್ದಲೇಬೇಕು. ‘ಇದೇ’, ‘ಬರುವ’, ‘ನಾಳೆ’ ಇವೆಲ್ಲ ಅಚ್ಚಾಗುವ ದಿನವನ್ನು ನೋಡಿ ಅರ್ಥ ಪಡೆಯುವ ಪದಗಳು, ಬರೆದ ದಿನವನ್ನಲ್ಲ. ಸುದ್ದಿ ಯಾವ ದಿನದ ಪುಟಕ್ಕೆ ಹೋಗುವುದೋ ಗೊತ್ತಿಲ್ಲದಿದ್ದರೆ ತಿಂಗಳ ಹೆಸರನ್ನೇ ಬರೆಯುವುದು ಕ್ಷೇಮ.

ಉತ್ತರ: ಅಧ್ಯಾಪಕರು

‘ತಿಳಿಸಿದೆ’ ಕುರಿತು ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ‘ಸಂಘ ತಿಳಿಸಿದೆ’ ಎಂಬುದಕ್ಕೆ ನನ್ನ ಆಕ್ಷೇಪವಿಲ್ಲ. ಸಂಘ ಎಂದರೆ ಜನರೇ. ಹಿರಿಯರು ಇಳಿಸಿದ ಸುದ್ದಿಯನ್ನು ಓದುಗನಾಗಿ ಓದಿದಾಗ ನನಗೆ ಹೊಳೆದದ್ದು ಬೇರೆ. ಹೆಸರು ನೋಂದಾಯಿಸಿದ ಮೊದಲ 100 ಮಂದಿಗೆ ಮಾತ್ರ ಅವಕಾಶ ಎಂದಿದೆ, ಆದರೆ ಹೆಸರನ್ನು ಎಲ್ಲಿ, ಯಾವಾಗ ನೋಂದಾಯಿಸಬೇಕು? ಶಿಬಿರದ ಬೆಳಿಗ್ಗೆ ಬಾಗಿಲಲ್ಲೋ, ಮುಂಚಿತವಾಗಿ ದೂರವಾಣಿಯಲ್ಲೋ? ಮೂಲದಲ್ಲಿಯೇ ಅದಿಲ್ಲ.

ಉತ್ತರ: ಉಪಸಂಪಾದಕಿ

ಅದು ನನ್ನ ಗಮನಕ್ಕೂ ಬಂದಿರಲಿಲ್ಲ. ನಿಜವಾದ ಪ್ರಕಟಣೆಯಾಗಿದ್ದರೆ ಸಂಘಕ್ಕೆ ಕರೆಮಾಡಿ ಕೇಳದೆ ಇದನ್ನು ಪುಟಕ್ಕೆ ಕೊಡುವಂತಿಲ್ಲ. ಕೇಳಿ ತಿಳಿದುಕೊಂಡ ಮೇಲೆ ಅದಕ್ಕೆ ಎರಡು ಸಾಲು ಬೇಕು, ಹನ್ನೆರಡೂ ತುಂಬಿದವು. ಹತ್ತೇ ಸಾಲು ಸಿಕ್ಕ ದಿನ ಮಾತ್ರ ಶಸ್ತ್ರಚಿಕಿತ್ಸೆಯ ವಾಕ್ಯವನ್ನು ಬಿಡಬೇಕೋ, ವೇಳೆಯನ್ನು ‘ಬೆಳಿಗ್ಗೆ 9ರಿಂದ’ ಎಂದಷ್ಟಕ್ಕೆ ಇಳಿಸಿ ಉಳಿದ ನಾಲ್ಕು ಪದಗಳನ್ನು ಬೇರೆ ಕಡೆ ಉಳಿಸಬೇಕೋ ಎಂಬುದು ನನಗಿನ್ನೂ ತೀರ್ಮಾನವಾಗಿಲ್ಲ.